ಚಾಕ್‌ಪೀಸ್ ಓರೆಯಾಗಿ ಯಾಕೆ ಮುರಿಯುತ್ತೆ? ಮೋರ್ಸ್ ಸರ್ಕಲ್ ಓದೋದು ಹೇಗೆ?

ಒಂದು ಹೊಸ ಚಾಕ್‌ಪೀಸ್ ತಗೊಳ್ಳಿ, ಎರಡೂ ತುದಿ ಹಿಡ್ಕೊಂಡು ಒದ್ದೆ ಬಟ್ಟೆ ಹಿಂಡೋ ಹಾಗೆ ತಿರುಚಿ. ಬಗ್ಗಿಸಬಾರದು, ಬರೀ ತಿರುಚಬೇಕು. ಟಕ್ ಅಂತ ಮುರಿದ ಮೇಲೆ ಮುರಿದ ಜಾಗ ನೋಡಿ, ಚಾಕು ಹಾಕಿ ಅಡ್ಡಕ್ಕೆ ಕತ್ತರಿಸಿದ ಹಾಗೆ ಇರಲ್ಲ. ಸ್ಕ್ರೂ ಥ್ರೆಡ್ ತರ ಸುತ್ಕೊಂಡು, ಉದ್ದಕ್ಕೆ ಹೆಚ್ಚುಕಮ್ಮಿ 45 ಡಿಗ್ರಿ ಓರೆಯಲ್ಲಿ ಬಿರುಕು ಹೋಗಿರುತ್ತೆ. ಇದನ್ನೇ ಲ್ಯಾಬಲ್ಲಿ ಟಾರ್ಶನ್ ಮೆಷಿನ್‌ಗೆ ಮೈಲ್ಡ್ ಸ್ಟೀಲ್ ರಾಡ್ ಸಿಕ್ಕಿಸಿ ಮಾಡಿದ್ರೆ, ಅದು ಸುಮಾರು ಸುತ್ತು ತಿರುಚ್ಕೊಂಡು ಕೊನೆಗೆ ಅಡ್ಡಕ್ಕೆ ಚಪ್ಪಟೆಯಾಗಿ ತುಂಡಾಗುತ್ತೆ. ಬಿದಿರಿನ ಕಡ್ಡಿ ತಿರುಚಿ ನೋಡಿ, ಅದು ಇವೆರಡೂ ಅಲ್ಲ, ಉದ್ದುದ್ದಕ್ಕೆ ಸೀಳುತ್ತೆ.

ಮೂರಕ್ಕೂ ಕೊಟ್ಟಿದ್ದು ಒಂದೇ ತಿರುಚು, ಆದ್ರೆ ಮುರಿದಿದ್ದು ಮೂರು ತರ. ಇದಕ್ಕೆ ಉತ್ತರ ಒಂದು ಸಣ್ಣ ವೃತ್ತದಲ್ಲಿದೆ. ಡಿಪ್ಲೊಮಾ, ಬಿಇ ಹುಡುಗರೆಲ್ಲ ಮಾರ್ಕ್ಸಿಗೋಸ್ಕರ ಬಿಡಿಸಿ ಮರೆಯೋ ಮೋರ್ಸ್ ಸರ್ಕಲ್ ಇದು.

ಮೊದಲು ಒಂದು ತಲೆನೋವು ಬಗೆಹರಿಸ್ಕೊಳ್ಳೋಣ. ಸ್ಟ್ರೆಸ್ ಅಂದ್ರೆ ವಸ್ತುವಿನ ಒಳಗೆ ಒಂದು ಚದರ ಮಿಲಿಮೀಟರಿಗೆ ಎಷ್ಟು ಬಲ ಬೀಳ್ತಿದೆ ಅನ್ನೋದು. "ಈ ಜಾಗದಲ್ಲಿ ಸ್ಟ್ರೆಸ್ ಎಷ್ಟು?" ಅಂತ ಕೇಳಿದ್ರೆ ಒಂದೇ ನಂಬರ್ ಹೇಳೋಕಾಗಲ್ಲ. ಯಾವ ದಿಕ್ಕಲ್ಲಿ ಕತ್ತರಿಸಿ ನೋಡ್ತೀರಾ ಅನ್ನೋದನ್ನ ಮೊದಲು ಹೇಳ್ಬೇಕು. ಲೋಹದ ಒಳಗೆ ಒಂದು ಬಿಂದು ಹಿಡ್ಕೊಂಡು ಅದರ ಮೂಲಕ ಒಂದು ಕಾಲ್ಪನಿಕ ಕೊಯ್ತ ಹಾಕಿದ್ರೆ, ಆ ಕೊಯ್ತದ ಮುಖದ ಮೇಲೆ ಎರಡು ಕೆಲಸ ನಡೀತಿರುತ್ತೆ. ಒಂದು ಮುಖವನ್ನ ನೇರಕ್ಕೆ ಎಳೆಯೋದು ಅಥವಾ ಒತ್ತೋದು, ಇದು ನಾರ್ಮಲ್ ಸ್ಟ್ರೆಸ್. ಇನ್ನೊಂದು ಮುಖದ ಮೇಲೆಯೇ ಜಾರಿಸೋದು, ಇಸ್ಪೀಟ್ ಕಟ್ಟನ್ನ ಅಂಗೈಯಲ್ಲಿ ಸವರಿದಾಗ ಎಲೆಗಳು ಜಾರೋ ಹಾಗೆ, ಇದು ಶಿಯರ್. ಕೊಯ್ತವನ್ನ ಸ್ವಲ್ಪ ಓರೆ ಮಾಡಿದ್ರೆ ಲೋಡ್ ಅದೇ ಇದ್ರೂ ಎರಡೂ ನಂಬರ್ ಬದಲಾಗುತ್ತೆ. ಹೀಗೆ ಕೊಯ್ತ ತಿರುಗಿಸ್ತಾ ಹೋಗಿ, ನಾರ್ಮಲ್ ಸ್ಟ್ರೆಸ್ಸನ್ನ ಅಡ್ಡ ಗೆರೆ ಮೇಲೂ ಶಿಯರನ್ನ ಉದ್ದ ಗೆರೆ ಮೇಲೂ ಗುರುತು ಹಾಕಿದ್ರೆ ಆ ಚುಕ್ಕಿಗಳೆಲ್ಲ ಸೇರಿ ಕರೆಕ್ಟಾಗಿ ಒಂದು ವೃತ್ತ ಆಗುತ್ತೆ. ಅಷ್ಟೇ ಮೋರ್ಸ್ ಸರ್ಕಲ್. ವೃತ್ತದ ಮೇಲಿನ ಒಂದೊಂದು ಚುಕ್ಕಿಯೂ ಒಂದೊಂದು ಕೊಯ್ತ.

ಇದನ್ನ ಮೊದಲು ಬಳಸಿದ್ದು ಕಾರ್ಲ್ ಕುಲ್ಮನ್ ಅನ್ನೋರು, 1866ರಲ್ಲಿ, ತೊಲೆಗಳ ಲೆಕ್ಕಕ್ಕೆ. 1882ರಲ್ಲಿ ಜರ್ಮನಿಯ ಕ್ರಿಶ್ಚಿಯನ್ ಒಟ್ಟೊ ಮೋರ್ ಅದನ್ನ ಮುಂದಕ್ಕೆ ಬೆಳೆಸಿದ್ರು, ಹೆಸರು ಅವರದ್ದೇ ನಿಂತ್ಕೊಳ್ತು. ಕ್ಯಾಲ್ಕ್ಯುಲೇಟರ್ ಇಲ್ಲದ ಕಾಲದಲ್ಲಿ ಕೈವಾರ ಒಂದಿದ್ರೆ ಸೈನ್, ಕಾಸ್ ಹುಡುಕೋ ಕೆಲಸ ತಪ್ತಿತ್ತು.

ಈಗ ಒಂದು ಶಾಫ್ಟ್ ತಗೊಳ್ಳೋಣ. ಪುಲ್ಲಿಗೆ ಬೆಲ್ಟ್ ಹಾಕಿದೆ, ಬೆಲ್ಟ್ ಶಾಫ್ಟನ್ನ ಒಂದು ಕಡೆಗೆ ಎಳೆದು ಬಗ್ಗಿಸುತ್ತೆ, ಜೊತೆಗೆ ತಿರುಗಿಸುತ್ತೆ ಕೂಡ. ಎಳೆತ ಜಾಸ್ತಿ ಇರೋ ಕಡೆ ಶಾಫ್ಟಿನ ಮೈ ಮೇಲೆ ಒಂದು ಪುಟಾಣಿ ಚೌಕ ಇದೆ ಅಂದ್ಕೊಳ್ಳಿ, ಉಗುರಿನಷ್ಟೂ ಬೇಡ, ಸಾಸಿವೆ ಕಾಳಿನಷ್ಟು. ಬಗ್ಗಿದ್ದರಿಂದ ಶಾಫ್ಟಿನ ಉದ್ದದ ದಿಕ್ಕಿಗೆ 80 ಎಂಪಿಎ ಎಳೆತ, ಅಂದ್ರೆ ಒಂದು ಚದರ ಮಿಲಿಮೀಟರಿಗೆ 80 ನ್ಯೂಟನ್. ಸುತ್ತಳತೆ ದಿಕ್ಕಿಗೆ ಎಳೆತ ಸೊನ್ನೆ. ತಿರುಚಿದ್ದರಿಂದ 30 ಎಂಪಿಎ ಶಿಯರ್. ಲೆಕ್ಕ ಸಲೀಸಾಗ್ಲಿ ಅಂತ ನಾನೇ ಆರಿಸ್ಕೊಂಡ ನಂಬರ್ ಇವು, ಬೈಕೋಬೇಡಿ.

ಗ್ರಾಫ್ ಶೀಟಲ್ಲಿ ಒಂದು ಸೆಂಟಿಮೀಟರಿಗೆ 10 ಎಂಪಿಎ ಅಂತ ಸ್ಕೇಲ್ ಇಟ್ಕೊಳ್ಳಿ, ಅಡ್ಡಕ್ಕೂ ಉದ್ದಕ್ಕೂ ಒಂದೇ ಸ್ಕೇಲ್ ಇರ್ಬೇಕು (ಕಂಪ್ಯೂಟರಲ್ಲಿ ಪ್ಲಾಟ್ ಮಾಡೋರು ಇದನ್ನ ಮರೆತು ವೃತ್ತದ ಬದಲು ಮೊಟ್ಟೆ ಬಂತು ಅಂತ ಕೂತಿರ್ತಾರೆ). ಉದ್ದದ ದಿಕ್ಕಿಗೆ ಎಳೆತ ಬೀಳೋ ಅಡ್ಡ ಮುಖಕ್ಕೆ ಒಂದು ಚುಕ್ಕಿ: ಎಳೆತ 80, ಶಿಯರ್ 30. ಇನ್ನೊಂದು ಮುಖಕ್ಕೆ ಇನ್ನೊಂದು ಚುಕ್ಕಿ: ಎಳೆತ 0, ಶಿಯರ್ ಅದೇ 30. ಲಂಬವಾಗಿರೋ ಎರಡು ಮುಖದಲ್ಲಿ ಶಿಯರ್ ಯಾವಾಗ್ಲೂ ಸಮ, ಇಲ್ದಿದ್ರೆ ಆ ಪುಟ್ಟ ಚೌಕ ಬುಗುರಿ ತರ ತಿರುಗೋಕೆ ಶುರು ಮಾಡ್ತಿತ್ತು. ಆದ್ರೆ ಒಂದು ಮುಖದ ಶಿಯರ್ ಚೌಕವನ್ನ ಗಡಿಯಾರದ ಮುಳ್ಳಿನ ದಿಕ್ಕಿಗೆ ತಿರುಗಿಸೋಕೆ ನೋಡಿದ್ರೆ ಇನ್ನೊಂದರದ್ದು ಉಲ್ಟಾ ದಿಕ್ಕಿಗೆ. ಮುಳ್ಳಿನ ದಿಕ್ಕಿಗೆ ತಿರುಗಿಸೋದನ್ನ ಮೇಲೆ ಹಾಕಿ, ಉಲ್ಟಾದನ್ನ ಕೆಳಗೆ ಹಾಕಿ. ನಮ್ಮ ಶಾಫ್ಟಲ್ಲಿ 80ರ ಮುಖದ ಶಿಯರ್ ಉಲ್ಟಾ ತಿರುಗಿಸೋದು ಅಂದ್ಕೊಂಡ್ರೆ ಆ ಚುಕ್ಕಿ ಕೆಳಗೆ, 0ದ ಚುಕ್ಕಿ ಮೇಲೆ. ಕೆಲವು ಪುಸ್ತಕದಲ್ಲಿ ಇದಕ್ಕೆ ಉಲ್ಟಾ ನಿಯಮ ಇರುತ್ತೆ, ಯಾವುದಾದ್ರೂ ಒಂದನ್ನ ಹಿಡಿದು ಕೊನೇವರೆಗೂ ಅದನ್ನೇ ಪಾಲಿಸಿ.

ಈಗ ಎರಡು ಚುಕ್ಕಿ ಸೇರಿಸಿ ಸ್ಕೇಲಲ್ಲಿ ಗೆರೆ ಎಳೀರಿ. ಆ ಗೆರೆ ಅಡ್ಡ ಗೆರೆಯನ್ನ 40ರಲ್ಲಿ ದಾಟುತ್ತೆ, ಅದೇ ಕೇಂದ್ರ, 80 ಮತ್ತು 0 ಇವುಗಳ ಸರಾಸರಿ. ಕೇಂದ್ರದಿಂದ ಒಂದು ಚುಕ್ಕಿಗೆ ಅಡ್ಡಕ್ಕೆ 40, ಉದ್ದಕ್ಕೆ 30, ಹಾಗಾಗಿ ತ್ರಿಜ್ಯ 50. ಹೈಸ್ಕೂಲಿನ 3, 4, 5ರ ತ್ರಿಕೋನವೇ. ಕೈವಾರ ಇಟ್ಟು ಒಂದು ಸುತ್ತು ಎಳೆದುಬಿಡಿ.

ಇನ್ನು ಓದೋದು. ವೃತ್ತ ಅಡ್ಡ ಗೆರೆಯನ್ನ ಎರಡು ಕಡೆ ಮುಟ್ಟುತ್ತೆ, ಬಲಕ್ಕೆ 90ರಲ್ಲಿ, ಎಡಕ್ಕೆ ಮೈನಸ್ 10ರಲ್ಲಿ. ಅಲ್ಲಿ ಶಿಯರ್ ಸೊನ್ನೆ, ಅಂದ್ರೆ ಆ ಕೊಯ್ತಗಳ ಮೇಲೆ ಜಾರಾಟ ಇಲ್ಲ, ಬರೀ ಎಳೆತ ಅಥವಾ ಒತ್ತು. ಇವೇ ಪ್ರಿನ್ಸಿಪಲ್ ಸ್ಟ್ರೆಸ್. ಬಗ್ಗಿಸಿದ್ದರಿಂದ ಬಂದ 80 ಮಾತ್ರ ನೋಡಿ ಸುಮ್ಮನಾಗಿದ್ರೆ ನಿಜವಾದ 90 ಕಣ್ಣಿಗೇ ಬೀಳ್ತಿರಲಿಲ್ಲ, ಜೊತೆಗೆ ಯಾರೂ ಒತ್ತದೇ ಇದ್ರೂ ಒಂದು ದಿಕ್ಕಲ್ಲಿ 10ರ ಒತ್ತು ಇದೆ ಅಂತ್ಲೂ ಗೊತ್ತಾಗ್ತಿರಲಿಲ್ಲ. ಸರಿ ಬಂತಾ ಅಂತ ನೋಡೋಕೆ ಕೂಡಿಸಿ: 90ರಿಂದ 10 ಕಳೆದ್ರೆ 80, ಮೊದಲೂ 80 ಕೂಡಿಸು 0. ಈ ಮೊತ್ತ ಕೊಯ್ತ ಎಷ್ಟೇ ತಿರುಗಿಸಿದ್ರೂ ಬದಲಾಗಲ್ಲ, ಬದಲಾಗಿದ್ರೆ ಎಲ್ಲೋ ಎಡವಿದ್ದೀರಿ.

ವೃತ್ತದ ನೆತ್ತಿ ನೋಡಿ, ಅಲ್ಲಿ ಶಿಯರ್ 50, ಇದೇ ಮ್ಯಾಕ್ಸಿಮಮ್ ಶಿಯರ್, ತ್ರಿಜ್ಯದಷ್ಟೇ. ಆ ಕೊಯ್ತದ ಮೇಲೆ ಬರೀ ಶಿಯರ್ ಇರುತ್ತೆ ಅಂತ ತುಂಬಾ ಜನ ಬರೀತಾರೆ, ತಪ್ಪು. ನೆತ್ತಿ ಇರೋದು ಕೇಂದ್ರದ ನೇರಕ್ಕೆ, ಅಂದ್ರೆ ಅಲ್ಲಿ 40ರ ಎಳೆತವೂ ಇದೆ.

ಆಮೇಲೆ ಕೋನ. ನಾನು ಪರೀಕ್ಷೆಯಲ್ಲಿ ಪೂರ್ತಿ ಎರಡು ಮಾರ್ಕ್ಸ್ ಕಳ್ಕೊಂಡಿದ್ದು ಇಲ್ಲೇ. ವೃತ್ತದಲ್ಲಿ 80ರ ಚುಕ್ಕಿಯಿಂದ 90ರ ಚುಕ್ಕಿಗೆ ಹೋಗೋಕೆ ಕೇಂದ್ರದ ಸುತ್ತ ಸುಮಾರು 37 ಡಿಗ್ರಿ ತಿರುಗಬೇಕು, ನಾನು ಹಾಗೇ 37 ಅಂತ ಬರೆದುಬಿಟ್ಟೆ. ವೃತ್ತದ ಕೋನ ಯಾವಾಗ್ಲೂ ನಿಜವಾದ ಕೋನದ ಎರಡರಷ್ಟು. ಯಾಕೆ ಅಂದ್ರೆ ಕೊಯ್ತವನ್ನ 180 ಡಿಗ್ರಿ ತಿರುಗಿಸಿದ್ರೆ ಮತ್ತೆ ಅದೇ ಕೊಯ್ತ, ಬ್ರೆಡ್ಡನ್ನ ಆ ಕಡೆಯಿಂದ ಕತ್ತರಿಸಿದ್ರೂ ಈ ಕಡೆಯಿಂದ ಕತ್ತರಿಸಿದ್ರೂ ಸೀಳು ಒಂದೇ ತಾನೆ, ಆದ್ರೆ ವೃತ್ತದಲ್ಲಿ ಹೊರಟಲ್ಲಿಗೇ ವಾಪಸ್ ಬರೋಕೆ 360 ಬೇಕು. ಹಾಗಾಗಿ ಶಾಫ್ಟ್ ಮೇಲೆ ತಿರುಗಬೇಕಾದ್ದು 18.4 ಡಿಗ್ರಿ ಮಾತ್ರ, ವೃತ್ತದಲ್ಲಿ ಯಾವ ಕಡೆ ತಿರುಗಿದ್ರೋ ಅದೇ ಕಡೆಗೆ. ಗಡಿಯಾರದ ನಿಯಮ ಹಿಡ್ಕೊಂಡಿದ್ದರ ಲಾಭ ಇದೇ, ದಿಕ್ಕು ಗೊಂದಲ ಆಗಲ್ಲ.

ಈಗ ಚಾಕ್‌ಪೀಸಿಗೆ ವಾಪಸ್ ಬನ್ನಿ. ಬರೀ ತಿರುಚಿದಾಗ ಎರಡೂ ಮುಖದಲ್ಲಿ ಎಳೆತ ಸೊನ್ನೆ, ಶಿಯರ್ ಮಾತ್ರ ಇದೆ. ಚುಕ್ಕಿಗಳು ಸೊನ್ನೆಯ ನೇರಕ್ಕೆ ಒಂದು ಮೇಲೆ ಒಂದು ಕೆಳಗೆ, ಕೇಂದ್ರ ಸೊನ್ನೆ, ತ್ರಿಜ್ಯ ಶಿಯರಿನಷ್ಟೇ. ವೃತ್ತ ಅಡ್ಡ ಗೆರೆಯನ್ನ ಮುಟ್ಟೋದು ಅಲ್ಲಿಂದ 90 ಡಿಗ್ರಿ ದೂರದಲ್ಲಿ, ಅಂದ್ರೆ ಚಾಕ್‌ಪೀಸ್ ಮೇಲೆ 45 ಡಿಗ್ರಿಯಲ್ಲಿ. ಅಲ್ಲಿ ಒಂದು ಕಡೆ ಎಳೆತ, ಅದಕ್ಕೆ ಲಂಬವಾಗಿ ಅಷ್ಟೇ ಒತ್ತು. ಚಾಕ್‌ಪೀಸ್ ಒತ್ತು ತಡ್ಕೊಳ್ಳುತ್ತೆ, ಎಳೆತ ತಡ್ಕೊಳ್ಳಲ್ಲ, ಹಾಗಾಗಿ ಆ 45ರ ಎಳೆತಕ್ಕೆ ಬಾಯಿ ಬಿಡುತ್ತೆ. ಸ್ಟೀಲ್ ಎಳೆತಕ್ಕಿಂತ ಮೊದಲು ಶಿಯರಿಗೆ ಸೋಲುತ್ತೆ, ಇಲ್ಲಿ ಜಾಸ್ತಿ ಶಿಯರ್ ಇರೋದು ಅಡ್ಡ ಕೊಯ್ತದಲ್ಲೇ, ಅದಕ್ಕೇ ಚಪ್ಪಟೆ ಮುರಿತ. ಅಷ್ಟೇ ಶಿಯರ್ ಉದ್ದದ ಕೊಯ್ತದಲ್ಲೂ ಇದೆ, ಬಿದಿರಿನ ನಾರುಗಳು ಒಂದಕ್ಕೊಂದು ಅಂಟ್ಕೊಂಡಿರೋದು ದುರ್ಬಲ ಆದ್ದರಿಂದ ಅದು ಅಲ್ಲಿ ಬಿಡ್ಕೊಳ್ಳುತ್ತೆ.

ನಮ್ಮ ಶಾಫ್ಟ್ ಸ್ಟೀಲಿನದ್ದು, ಹಾಗಾಗಿ ನೋಡ್ಬೇಕಾದ್ದು 50ರ ಶಿಯರನ್ನ. 250 ಎಂಪಿಎಗೆ ಯೀಲ್ಡ್ ಆಗೋ, ಅಂದ್ರೆ ಬಿಟ್ರೂ ವಾಪಸ್ ಬರದ ಹಾಗೆ ಹಿಗ್ಗೋಕೆ ಶುರು ಮಾಡೋ ಮೈಲ್ಡ್ ಸ್ಟೀಲ್ ಅಂದ್ಕೊಂಡ್ರೆ, ಅದನ್ನ ಬರೀ ಎಳೆದಾಗ ಯೀಲ್ಡ್ ಹೊತ್ತಿನ ವೃತ್ತ 0ಯಿಂದ 250ರವರೆಗೆ, ತ್ರಿಜ್ಯ 125. ಅಂದ್ರೆ 125ರ ಶಿಯರ್ ಬರೋತನಕ ತಡೆಯುತ್ತೆ, ನಮ್ಮಲ್ಲಿರೋದು 50, ಎರಡೂವರೆ ಪಟ್ಟು ಸೇಫ್ಟಿ. ಒಂದು ವಿಷಯ, ವೃತ್ತ ಒಂದು ಕ್ಷಣದ ಫೋಟೊ ಅಷ್ಟೇ. ಶಾಫ್ಟ್ ಅರ್ಧ ಸುತ್ತು ತಿರುಗಿದ್ರೆ ಅದೇ ಜಾಗ ಬಗ್ಗಿದ ಒಳಮಗ್ಗುಲಿಗೆ ಬಂದು 80ರ ಎಳೆತ 80ರ ಒತ್ತಾಗುತ್ತೆ, ಇಡೀ ವೃತ್ತ ಎಡಕ್ಕೆ ಜಿಗಿಯುತ್ತೆ, ಪ್ರತಿ ಸುತ್ತಿಗೂ ಹೀಗೇ. ಎರಡೂವರೆ ಪಟ್ಟು ಸೇಫ್ಟಿ ಇದ್ದೂ ಶಾಫ್ಟುಗಳು ಫೆಟೀಗ್ ಆಗಿ ಮುರಿಯೋದು ಈ ಜಿಗಿತದಿಂದ, ಅದರ ಲೆಕ್ಕ ಬೇರೆ.

ಎಲ್ಲಕ್ಕಿಂತ ದೊಡ್ಡ ಗುಂಡಿ ಇನ್ನೊಂದು ಕಡೆ ಇದೆ. ಒತ್ತಡ ತುಂಬಿದ ಎರಡೂ ಕಡೆ ಮುಚ್ಚಿದ ತೆಳು ಸ್ಟೀಲ್ ಸಿಲಿಂಡರ್ ತಗೊಳ್ಳಿ, ಏರ್ ಕಂಪ್ರೆಸರ್ ಟ್ಯಾಂಕ್ ತರದ್ದು. ಅದರ ಗೋಡೆಯಲ್ಲಿ ಸುತ್ತಳತೆ ದಿಕ್ಕಿನ ಎಳೆತ ಉದ್ದದ ದಿಕ್ಕಿನದ್ದಕ್ಕಿಂತ ಎರಡರಷ್ಟಿರುತ್ತೆ, ಉದಾಹರಣೆಗೆ 100 ಮತ್ತು 50. (ತೋಟದಲ್ಲಿ ಪಿವಿಸಿ ಪೈಪ್ ಒತ್ತಡಕ್ಕೆ ಒಡೆದಾಗ ಉದ್ದಕ್ಕೆ ಸೀಳೋದೂ ಇದಕ್ಕೇ.) ಶಿಯರ್ ಇಲ್ಲ, ಹಾಗಾಗಿ ಇವೇ ಪ್ರಿನ್ಸಿಪಲ್. ವೃತ್ತ 50ರಿಂದ 100, ತ್ರಿಜ್ಯ 25, ಸೇಫ್ಟಿ 125 ಭಾಗಿಸು 25, ಐದು ಪಟ್ಟು, ಭೇಷ್ ಅಂತ ಫೈಲ್ ಮುಚ್ಚಿದ್ರೆ ಕೆಟ್ಟಿರಿ.

ನಾವು ಗೋಡೆಯನ್ನ ಹೊರಗಡೆ ನಿಂತು ಚಪ್ಪಟೆ ಹಾಳೆ ತರ ನೋಡ್ತಾ ಇದ್ದೀವಿ, ಆದ್ರೆ ಅದಕ್ಕೆ ದಪ್ಪ ಅನ್ನೋ ಮೂರನೇ ದಿಕ್ಕೂ ಇದೆ. ಹೊರಮೈಯಲ್ಲಿ ಆ ದಿಕ್ಕಿನ ಸ್ಟ್ರೆಸ್ ಸೊನ್ನೆ, ಸೊನ್ನೆ ಅಂದ್ರೆ ಇಲ್ಲ ಅಂತಲ್ಲ, ಅದೂ ಒಂದು ಪ್ರಿನ್ಸಿಪಲ್ ಸ್ಟ್ರೆಸ್ಸೇ. ಹಾಗಾಗಿ ವೃತ್ತಗಳು ಮೂರು: 50ರಿಂದ 100, 0ಯಿಂದ 50, ಮತ್ತೆ ಎರಡನ್ನೂ ಹೊಟ್ಟೆಯಲ್ಲಿ ಇಟ್ಕೊಂಡ 0ಯಿಂದ 100ರ ದೊಡ್ಡದು. ಅದರ ತ್ರಿಜ್ಯ 50. ನಿಜವಾದ ಮ್ಯಾಕ್ಸಿಮಮ್ ಶಿಯರ್ ಅದು, ಗೋಡೆಯ ದಪ್ಪದೊಳಕ್ಕೆ 45 ಡಿಗ್ರಿ ಓರೆ ಹೋಗೋ ಕೊಯ್ತದಲ್ಲಿ ಕೂತಿದೆ, ಐದು ಪಟ್ಟು ಅಂದ್ಕೊಂಡ ಸೇಫ್ಟಿ ಎರಡೂವರೆಗೆ ಇಳೀತು. ಶಾಫ್ಟಲ್ಲಿ ಈ ತೊಂದರೆ ಬರಲಿಲ್ಲ ಯಾಕಂದ್ರೆ ಅಲ್ಲಿ ಸೊನ್ನೆ ಅನ್ನೋದು ಮೈನಸ್ 10 ಮತ್ತು 90ರ ನಡುವೆಯೇ ಬಿದ್ದಿತ್ತು, ದೊಡ್ಡ ವೃತ್ತ ನಾವು ಬಿಡಿಸಿದ್ದೇ ಆಗಿತ್ತು. ಅದಕ್ಕೇ ನಾನು ಈಗ ಯಾವ ವೃತ್ತ ಬಿಡಿಸಿದ್ರೂ ಮೊದಲು ನೋಡೋದು ಸೊನ್ನೆ ವೃತ್ತದ ಒಳಗಿದ್ಯಾ ಹೊರಗಿದ್ಯಾ ಅಂತ, ಹೊರಗಿದ್ರೆ ಪೆನ್ಸಿಲಲ್ಲಿ ಇನ್ನೆರಡು ವೃತ್ತ ಎಳೆದೇ ಉತ್ತರ ಬರೆಯೋದು.