ಮ್ಯಾನೇಜರ್ ಸುತ್ತ ಒಂದು ಒಳಗುಂಪು ಹೇಗೆ ಆಗುತ್ತೆ

ನಿಮ್ಮ ಟೀಮ್‌ನಲ್ಲಿ ಫೇವರಿಟಿಸಂ ಇದೆಯಾ ಅಂತ ಕೇಳಿದ್ರೆ ಇದೆ ಅನ್ನೋ ಮ್ಯಾನೇಜರ್ ಸಿಗೋದೇ ಇಲ್ಲ. ಸುಳ್ಳು ಹೇಳ್ತಿದ್ದಾರೆ ಅಂತಲ್ಲ, ಅವರಿಗೆ ನಿಜವಾಗ್ಲೂ ಹಾಗೇ ಅನ್ಸಿರುತ್ತೆ. ಯಾಕಂದ್ರೆ ಒಳಗುಂಪು ಅನ್ನೋದನ್ನ ಯಾರೂ ಕೂತು ಪ್ಲಾನ್ ಮಾಡಿ ಕಟ್ಟಲ್ಲ, ದಿನಾ ಕೆಲಸ ಹಂಚೋವಾಗ ಅದು ತಾನಾಗೇ ಆಗಿಬಿಡುತ್ತೆ.

1975ರಲ್ಲಿ ಡಾನ್ಸೆರೊ, ಗ್ರೇನ್, ಹಾಗಾ ಅನ್ನೋ ಮೂವರು ಸಂಶೋಧಕರು ಹೇಳಿದ್ದೂ ಹೆಚ್ಚುಕಮ್ಮಿ ಇದನ್ನೇ. ಅಲ್ಲಿವರೆಗೆ ಒಬ್ಬ ಲೀಡರ್‌ಗೆ ಒಂದು ಸ್ಟೈಲ್ ಇರುತ್ತೆ, ಅದು ಎಲ್ಲರ ಮೇಲೂ ಒಂದೇ ಥರ ಅಂತ ಅಂದ್ಕೊಳ್ತಿದ್ರು. ಇವರು ಬಾಸ್ ಮತ್ತು ಒಬ್ಬೊಬ್ಬ ಸದಸ್ಯನ ಜೋಡಿಯನ್ನ ಬೇರೆಬೇರೆಯಾಗಿ ನೋಡಿದ್ರು, ನೋಡಿದ್ರೆ ಕೆಲವರ ಜೊತೆ ನಂಬಿಕೆ, ಮಾಹಿತಿ, ಸ್ವಾತಂತ್ರ್ಯ ಎಲ್ಲಾ ಇದೆ, ಉಳಿದವರ ಜೊತೆ ಸಂಬಳಕ್ಕೆ ತಕ್ಕ ಕೆಲಸದ ವ್ಯವಹಾರ ಅಷ್ಟೇ. ಲೀಡರ್-ಮೆಂಬರ್ ಎಕ್ಸ್‌ಚೇಂಜ್ ಥಿಯರಿ, ಚಿಕ್ಕದಾಗಿ ಎಲ್ಎಂಎಕ್ಸ್, ಬೆಳೆದಿದ್ದು ಇಲ್ಲಿಂದ.

ನನಗೆ ಇದಕ್ಕಿಂತ ಮುಖ್ಯ ಅನ್ಸೋದು ಈ ವ್ಯತ್ಯಾಸ ಎಷ್ಟು ಬೇಗ ಶುರುವಾಗುತ್ತೆ ಅನ್ನೋದು. 1993ರ ಒಂದು ಅಧ್ಯಯನದಲ್ಲಿ ಲಿಡೆನ್, ವೇಯ್ನ್, ಸ್ಟಿಲ್‌ವೆಲ್ ಅನ್ನೋರು ಹೊಸದಾಗಿ ಸೇರಿದವರನ್ನ ಮತ್ತು ಅವರ ಬಾಸ್‌ಗಳನ್ನ ಮೊದಲಿಂದ ಗಮನಿಸಿದ್ರು. ಮೊದಲ 5 ದಿನದಲ್ಲಿ ಒಬ್ಬರ ಬಗ್ಗೆ ಒಬ್ಬರಿಗಿದ್ದ ನಿರೀಕ್ಷೆಗಳು 6 ವಾರ ಆದ್ಮೇಲಿನ ಸಂಬಂಧ ಹೇಗಿರುತ್ತೆ ಅಂತ ಸ್ವಲ್ಪ ಮಟ್ಟಿಗೆ ಮುಂಚೆನೇ ಹೇಳ್ತಿದ್ವು. ಇವನು ನನ್ನ ಥರಾನೇ ಯೋಚ್ನೆ ಮಾಡ್ತಾನೆ ಅನ್ನೋ ಭಾವನೆಯೂ ಕೆಲಸ ಮಾಡ್ತಿತ್ತು. ಅಂದ್ರೆ ಕೆಲಸ ಪೂರ್ತಿ ನೋಡೋಕೆ ಮುಂಚೆನೇ ಅರ್ಧ ತೀರ್ಪು ಬರೆದಾಗಿರುತ್ತೆ.

ಆಮೇಲೆ ನಡೆಯೋದು ಸಿಂಪಲ್. ಅರ್ಜೆಂಟ್ ಕೆಲಸ ಬಂತು, ಮ್ಯಾನೇಜರ್‌ಗೆ ರಿಸ್ಕ್ ಬೇಡ, ಕಳೆದ ಸಲ ಮಾಡಿಕೊಟ್ಟವರಿಗೇ ಕೊಡ್ತಾರೆ, ಅವರು ಮತ್ತೆ ಚೆನ್ನಾಗಿ ಮಾಡ್ತಾರೆ, ಹಾಗಾಗಿ ಮುಂದಿನದೂ ಅವರಿಗೇ. ಉಳಿದವರಿಗೆ ತೋರಿಸೋಕೆ ಚಾನ್ಸೇ ಸಿಗಲ್ಲ, ಕೊನೆಗೆ ‘ಅವರಿಗೆ ಇಂಟರೆಸ್ಟ್ ಇಲ್ಲ ಬಿಡಿ’ ಅನ್ನೋ ಹೆಸರು ಬೇರೆ ಬರುತ್ತೆ.

ಇದನ್ನ ಹಿಡಿಯೋಕೆ ನಾನು ಮ್ಯಾನೇಜರ್‌ಗಳಿಂದ ಮಾಡ್ಸೋದು ಒಂದು ಪಟ್ಟಿ. ಕಳೆದ ಮೂರು ತಿಂಗಳಲ್ಲಿ ದಿನನಿತ್ಯದ ಕೆಲಸ ಬಿಟ್ಟು ಬಂದಿದ್ದೆಲ್ಲಾ ಬರೀಬೇಕು: ಕ್ಲೈಂಟ್ ಡೆಮೊ, ಟ್ರೈನಿಂಗ್ ಸೀಟು, ರಜೆಯಲ್ಲಿ ಇನ್‌ಚಾರ್ಜ್, ದೊಡ್ಡ ಕಂಪ್ಲೇಂಟು. ಪಕ್ಕದಲ್ಲಿ ಯಾರಿಗೆ ಹೋಯ್ತು, ಬೇರೆ ಯಾರನ್ನ ಕೇಳಿದ್ರಿ. ಎಂಟು ಜನರ ಒಂದು ಸಪೋರ್ಟ್ ಟೀಮ್ ಅಂದ್ಕೊಳ್ಳಿ, ಇಂಥ 20 ಕೆಲಸದಲ್ಲಿ 13 ಇಬ್ಬರಿಗೇ ಹೋಗಿದೆ. ಈ ಅಂಕಿಯಿಂದ ಪಕ್ಷಪಾತ ಅಂತ ತೀರ್ಮಾನಿಸಬೇಡಿ, ‘ಬೇರೆ ಯಾರನ್ನ ಕೇಳಿದ್ರಿ’ ಅನ್ನೋ ಕಾಲಮ್ ನೋಡಿ. ಆ 13 ಕೆಲಸಕ್ಕೆ ಉಳಿದ ಆರು ಜನರಲ್ಲಿ ಇಬ್ಬರು ಒಮ್ಮೆ ಬೇಡ ಅಂದಿದ್ರು, ನಾಲ್ವರನ್ನ ಕೇಳಿಯೇ ಇಲ್ಲ. ಆ ನಾಲ್ವರಲ್ಲಿ ಒಬ್ಬಾಕೆ ಮಗು ಕರ್ಕೊಂಡು ಬರೋಕೆ ಆರಕ್ಕೆ ಸರಿಯಾಗಿ ಹೊರಡ್ತಾರೆ, ಅರ್ಜೆಂಟ್ ಕೆಲಸ ಹಂಚೋದು ಐದೂವರೆ ಮೇಲೆ. ಇಲ್ಲಿ ಆಯ್ಕೆ ಆಗ್ತಿರೋದು ಸಾಮರ್ಥ್ಯದ ಮೇಲಲ್ಲ, ಆ ಹೊತ್ತಿಗೆ ಸೀಟಲ್ಲಿ ಯಾರಿದ್ದಾರೆ ಅನ್ನೋದ್ರ ಮೇಲೆ. ಅರ್ಜೆಂಟ್ ಕೆಲಸದ ಟೈಮ್ ಬದಲಾಯಿಸೋಕಾಗಲ್ಲ ಸರಿ, ಆದ್ರೆ ಡೆಮೊ ಬೆಳಗ್ಗೆ ಇಟ್ಟು ಆಕೆಯನ್ನ ಕೇಳಬಹುದಲ್ವಾ.

ಎಲ್ಲರಿಗೂ ಎಲ್ಲಾ ಸಮ ಹಂಚಿ ಅಂತ ನಾನು ಹೇಳ್ತಿಲ್ಲ, ಅದು ಚೆನ್ನಾಗಿ ಮಾಡೋರಿಗೇ ಅನ್ಯಾಯ. 1995ರಲ್ಲಿ ಗ್ರೇನ್ ಮತ್ತು ಊಲ್-ಬೀನ್ ಬರೆದಿದ್ದು ಕೂಡ ಅವಕಾಶವನ್ನ ಎಲ್ಲರ ಮುಂದೂ ಇಡಿ ಅಂತ, ಫಲಿತಾಂಶ ಒಂದೇ ಇರ್ಲಿ ಅಂತಲ್ಲ. ವ್ಯತ್ಯಾಸ ಮಾಡಿ, ಆದ್ರೆ ಕಾರಣವನ್ನ ಮೀಟಿಂಗ್‌ನಲ್ಲಿ ಎಲ್ಲರೆದುರು ಹೇಳೋಕಾಗಬೇಕು. ‘ಈ ಕ್ಲೈಂಟ್ ಜೊತೆ ಮೊದಲಿಂದ ಇವರೇ ಮಾತಾಡಿದ್ದು, ಮುಂದಿನದಕ್ಕೆ ಬೇರೆಯವರು ಬೇಕು, ಯಾರು ತಗೋತೀರಿ’ ಅಂದ್ರೆ ಸಾಕು. ಹೇಳೋಕೆ ಮುಜುಗರ ಆದ್ರೆ ಆ ಕಾರಣದಲ್ಲೇ ಏನೋ ಐಬಿದೆ.

ಇನ್ನೊಂದು ತೊಡಕು, ಮ್ಯಾನೇಜರ್ ಒಳ್ಳೇ ಸಂಬಂಧ ಅಂದ್ಕೊಂಡಿರೋದು ಸದಸ್ಯರಿಗೆ ಹಾಗೆ ಕಾಣದೇ ಇರಬಹುದು. ಇಬ್ಬರನ್ನೂ ಕೇಳಿದಾಗ ಉತ್ತರಗಳು ಅಷ್ಟಾಗಿ ತಾಳೆ ಆಗಲ್ಲ ಅಂತ ಸಂಶೋಧನೆಗಳಲ್ಲಿ ಮತ್ತೆಮತ್ತೆ ಕಂಡಿದೆ. ಹಾಗಾಗಿ ಊಹೆ ಬಿಟ್ಟು ಒಬ್ಬೊಬ್ಬರನ್ನೇ ಕೇಳಿ: ‘ನಿಮ್ಮ ಕೆಲಸದ ಬಗ್ಗೆ ನನಗೆ ಏನನ್ಸುತ್ತೆ ಅಂತ ನಿಮಗೆ ಗೊತ್ತಾಗುತ್ತಾ?’ ಎಲ್ಎಂಎಕ್ಸ್ ಅಳೆಯೋ ಏಳು ಪ್ರಶ್ನೆಗಳ ಪ್ರಶ್ನಾವಳಿ ಶುರುವಾಗೋದು ಹೆಚ್ಚುಕಮ್ಮಿ ಇಲ್ಲಿಂದಲೇ. ‘ಅಪ್ರೈಸಲ್‌ನಲ್ಲಿ ಗೊತ್ತಾಗುತ್ತೆ ಸರ್’ ಅಂತ ಉತ್ತರ ಬಂದ್ರೆ ಆ ವ್ಯಕ್ತಿ ಹೊರಗಿದ್ದಾರೆ ಅಂತಲೇ ಲೆಕ್ಕ. ಮೀಟಿಂಗ್‌ನಲ್ಲಿ ಕೆಲವರಿಗೆ ನಿರ್ಧಾರ ಮೊದಲೇ ಗೊತ್ತಿರೋದು, ಉಳಿದವರು ವಾದ ಮಾಡೋದನ್ನೇ ನಿಲ್ಲಿಸಿರೋದು, ಇವೂ ಅದೇ ಲಕ್ಷಣ.

ಕೆಲಸ ಬೇರೆಯವರಿಗೆ ಕೊಡೋಕೆ ಶುರು ಮಾಡಿದಾಗ ಮೊದಲು ಬೇಜಾರಾಗೋದು ಆ ಒಳಗಿನ ಇಬ್ಬರಿಗೆ, ನಾವೇನು ತಪ್ಪು ಮಾಡಿದ್ವಿ ಅಂತ. ಅವರಿಗೆ ಮುಂಚೆನೇ ಹೇಳಿ, ಬೇಕಿದ್ರೆ ಹೊಸಬರಿಗೆ ಮೊದಲ ಸಲ ಜೊತೆಗೆ ಕೂತು ತೋರಿಸೋ ಜವಾಬ್ದಾರಿ ಅವರಿಗೇ ಕೊಡಿ. ಹೇಳದೇ ಮಾಡಿದ್ರೆ ಟೀಮ್‌ನಲ್ಲಿರೋ ಬೆಸ್ಟ್ ಇಬ್ಬರೇ ಬೇರೆ ಕಡೆ ಕೆಲಸ ಹುಡುಕೋಕೆ ಶುರು ಮಾಡ್ತಾರೆ.