ಕೆವಿ ಅಂಕಿ ಮತ್ತು ಒತ್ತಡ ಕುಸಿತ: ಒಂದು ಸ್ಟ್ರೈನರ್, ಒಂದು ಕಂಟ್ರೋಲ್ ವಾಲ್ವ್

ವಾಲ್ವ್‌ನ ಎರಡೂ ಬದಿಗಳ ನಡುವೆ 1 ಬಾರ್ ಒತ್ತಡದ ವ್ಯತ್ಯಾಸವಿದ್ದಾಗ ಗಂಟೆಗೆ ಎಷ್ಟು ಘನ ಮೀಟರ್ ನೀರು ಹಾದುಹೋಗುತ್ತದೆಯೋ ಅದೇ Kv. ಇದನ್ನು ನೆನಪಿಟ್ಟುಕೊಂಡರೆ ಸೂತ್ರ ತಾನಾಗಿಯೇ ಬರುತ್ತದೆ:

```
ΔP = SG × (Q / Kv)²
```

ΔP ಬಾರ್‌ನಲ್ಲಿ, Q ಗಂಟೆಗೆ ಘನ ಮೀಟರ್‌ನಲ್ಲಿ. SG ಎಂದರೆ ಸಾಪೇಕ್ಷ ಸಾಂದ್ರತೆ, ನೀರಿಗೆ 1.

ಕ್ಯಾಟಲಾಗಿನಲ್ಲಿ Cv ಎಂದಿದ್ದರೆ ಅದು ಗ್ಯಾಲನ್ ಮತ್ತು ಪಿಎಸ್‌ಐ ಲೆಕ್ಕ. ಅದನ್ನು 0.865ರಿಂದ ಗುಣಿಸಿದರೆ Kv ಸಿಗುತ್ತದೆ. ಗುಣಿಸಲು ಮರೆತರೆ ಒತ್ತಡ ಕುಸಿತ ನಿಜಕ್ಕಿಂತ ಕಾಲು ಭಾಗ ಕಡಿಮೆ ಬರುತ್ತದೆ, ಮತ್ತು ಆ ತಪ್ಪು ಕಣ್ಣಿಗೆ ಬೀಳುವುದೂ ಇಲ್ಲ.

ಈಗ ಒಂದು ಪೈಪು ತೆಗೆದುಕೊಳ್ಳೋಣ: ಗಂಟೆಗೆ 12 ಘನ ಮೀಟರ್ ನೀರು, ಮೊದಲು ಕಸ ತಡೆಯುವ ಜಾಲರಿಯ ಸ್ಟ್ರೈನರ್, ಆಮೇಲೆ ಹರಿವನ್ನು ನಿಯಂತ್ರಿಸುವ ಕಂಟ್ರೋಲ್ ವಾಲ್ವ್. ಶುಚಿಯಾದ ಸ್ಟ್ರೈನರ್‌ನ Kv 40. 12/40 ಎಂದರೆ 0.3, ಅದರ ವರ್ಗ 0.09 ಬಾರ್. ಜಾಲರಿ ಶುಚಿಯಾಗಿದ್ದಾಗ ಇಷ್ಟೇ ಕುಸಿತ.

ಕೆಲವು ತಿಂಗಳ ನಂತರ ಡಿಫರೆನ್ಷಿಯಲ್ ಗೇಜ್ ಮತ್ತೆ 0.09 ತೋರಿಸುತ್ತದೆ ಎನ್ನಿ. ಎಲ್ಲ ಸರಿಯಾಗಿದೆ ಎಂದು ಮುಂದೆ ಹೋಗಬೇಡಿ, ಹರಿವಿನ ಮೀಟರ್ ನೋಡಿ. ಅದು 6 ಎಂದು ಓದುತ್ತಿದ್ದರೆ Kv = 6/√0.09 = 20. ಜಾಲರಿಯ Kv ಅರ್ಧಕ್ಕಿಳಿದಿದೆ! ಶುಚಿಯಾಗಿದ್ದರೆ 6ರ ಹರಿವಿಗೆ ಗೇಜ್ 0.0225 ತೋರಿಸಬೇಕಿತ್ತು. ಆದ್ದರಿಂದ ದಿನಚರಿಯಲ್ಲಿ ನಾನು ಬರೆದಿಡುವುದು ಗೇಜ್ ಓದನ್ನಲ್ಲ, ಹೀಗೆ ತಿರುಗಿಸಿ ತೆಗೆದ Kv ಅನ್ನು. ಹರಿವು ಏರಿಳಿದರೂ ಅದು ಜಾಲರಿಯ ಸ್ಥಿತಿಯನ್ನೇ ಹೇಳುತ್ತದೆ. ಇಷ್ಟು ಸಣ್ಣ ಕುಸಿತವನ್ನು ಎರಡು ಸಾಮಾನ್ಯ 10 ಬಾರ್ ಗೇಜ್‌ಗಳ ಓದುಗಳನ್ನು ಕಳೆದು ತಿಳಿಯಲು ಹೊರಟರೆ ಸಿಗುವುದು ಗೇಜ್‌ಗಳ ದೋಷವಷ್ಟೇ.

ವಾಲ್ವ್ ವಿಷಯದಲ್ಲಿ ಎಡವುವುದು ಬೇರೆ ಕಡೆ. ಕ್ಯಾಟಲಾಗಿನ Kvs 25 ಎನ್ನುವುದು ಪೂರ್ತಿ ತೆರೆದಾಗಿನ ಅಂಕಿ. ಆಗ ಕುಸಿತ 0.23 ಬಾರ್. ಆದರೆ ಕಂಟ್ರೋಲ್ ವಾಲ್ವ್ ಪೂರ್ತಿ ತೆರೆದುಕೊಂಡು ಕೂರುವುದು ಅಪರೂಪ. ಈಕ್ವಲ್ ಪರ್ಸೆಂಟೇಜ್ ಬಗೆಯ ವಾಲ್ವ್‌ನಲ್ಲಿ ತೆರೆಯುವ ಪ್ರತಿ ಸಮ ಹೆಜ್ಜೆಗೂ Kv ಒಂದೇ ಶೇಕಡಾವಾರು ಏರುತ್ತದೆ, ನಿಯಂತ್ರಿಸಬಲ್ಲ ಗರಿಷ್ಠ ಮತ್ತು ಕನಿಷ್ಠ Kvಗಳ ಅನುಪಾತವೇ ರೇಂಜಬಿಲಿಟಿ. ರೇಂಜಬಿಲಿಟಿ 50 ಇರುವ ಇಂಥ ವಾಲ್ವ್ 70% ತೆರೆದಿದ್ದರೆ ಲೆಕ್ಕ ಹೀಗೆ:

```
Kv = 25 × 50^(0.7 − 1) ≈ 7.7
ΔP = (12 / 7.7)² ≈ 2.4 bar
```

ಪೂರ್ತಿ ತೆರೆದಿದ್ದಾಗಿನ ಕುಸಿತದ ಹತ್ತು ಪಟ್ಟು! ಪಂಪ್ ಆಯ್ಕೆಯಲ್ಲಿ 0.23 ಹಿಡಿದವರಿಗೆ ಬೇಕಾದ ಹರಿವು ಸಿಗುವುದು ವಾಲ್ವ್ ಹೆಚ್ಚುಕಡಿಮೆ ಪೂರ್ತಿ ತೆರೆದಾಗ ಮಾತ್ರ. ನಿಯಂತ್ರಣಕ್ಕೆ ಅವಕಾಶವೇ ಉಳಿಯುವುದಿಲ್ಲ.

ಸೂತ್ರಕ್ಕೂ ಒಂದು ಗಡಿ ಇದೆ. ವಾಲ್ವ್ ಒಳಗಿನ ಕಿರಿದಾದ ಜಾಗದಲ್ಲಿ ಒತ್ತಡ ನೀರಿನ ಆವಿ ಒತ್ತಡಕ್ಕಿಂತ ಕೆಳಗಿಳಿದರೆ ಗುಳ್ಳೆಗಳೇಳುತ್ತವೆ, ಪೈಪಿನಲ್ಲಿ ಜಲ್ಲಿ ಉರುಳಿದಂತೆ ಸದ್ದಾಗುತ್ತದೆ. ಅದು ಬಲಿತರೆ ವಾಲ್ವ್ ದಾಟಿದ ಬದಿಯ ಒತ್ತಡವನ್ನು ಇನ್ನೆಷ್ಟೇ ಇಳಿಸಿದರೂ ಹರಿವು ಹೆಚ್ಚುವುದಿಲ್ಲ. ಬಿಸಿ ನೀರಿನಲ್ಲಿ ಈ ಗಡಿ ಬೇಗನೆ ಬರುತ್ತದೆ. ಇನ್ನು ದಪ್ಪ ಎಣ್ಣೆಯಾದರೆ ನಿಜವಾದ ಕುಸಿತ ಈ ಲೆಕ್ಕಕ್ಕಿಂತ ಹೆಚ್ಚಿರುತ್ತದೆ, ಸ್ನಿಗ್ಧತೆಯ ತಿದ್ದುಪಡಿ ಬೇಕಾಗುತ್ತದೆ.