ಒಳಗೆ ಬಿಟ್ಟರೆ ಸಾಲದು, ಗಂಟೆಯೂ ಇರಬೇಕು

‘ಸ್ಪೀಕರ್ ಹೋಗಿದೆ, ಬದಲಾಯಿಸಿ ಕೊಡಿ’ ಎಂದು ನನ್ನ ಅಂಗಡಿಯ ಕೌಂಟರ್ ಮೇಲೆ ಫೋನ್ ಇಡುವವರಲ್ಲಿ ಹಲವರ ಸ್ಪೀಕರ್ ಚೆನ್ನಾಗಿಯೇ ಇರುತ್ತದೆ. ಹಾಡು ಹಾಕಿ ನೋಡಿದರೆ ಅಂಗಡಿಯೆಲ್ಲ ಕೇಳಿಸುತ್ತದೆ. ರಿಂಗ್ ಮಾತ್ರ ಇಲ್ಲ. ‘ರಾತ್ರಿ ಡಿಎನ್‌ಡಿ ಹಾಕಿರುತ್ತೇನೆ, ಆದರೆ ಸಂಪರ್ಕಗಳಲ್ಲಿ ಮಗನ ಹೆಸರಿಗೆ ಸ್ಟಾರ್ ಗುರುತು ಕೊಟ್ಟಿದ್ದೇನಲ್ಲ, ಅವನ ಕರೆಯಾದರೂ ಕೇಳಿಸಬೇಕಲ್ಲವೇ?’ ಎನ್ನುತ್ತಾರೆ. ಕೇಳಿಸಬೇಕು ನಿಜ, ಆದರೆ ಅದಕ್ಕೆ ಇನ್ನೊಂದು ಷರತ್ತಿದೆ. ಅದನ್ನು ಹೇಳಿ ಹೇಳಿ ನನಗೆ ಬಾಯಿಪಾಠವಾಗಿದೆ.

ಮೊದಲೇ ಒಂದು ಗೊಂದಲ ಬಿಡಿಸಿಬಿಡುತ್ತೇನೆ. 1909ಕ್ಕೆ ಕರೆ ಮಾಡಿ ಜಾಹೀರಾತು ಕರೆಗಳನ್ನು ತಡೆಯಲು ನೋಂದಾಯಿಸುತ್ತೀರಲ್ಲ, ಅದನ್ನೂ ನಮ್ಮಲ್ಲಿ ಡಿಎನ್‌ಡಿ ಎಂದೇ ಕರೆಯುತ್ತಾರೆ. ಅದು ಟ್ರಾಯ್ ನಿಯಮದಂತೆ ಮೊಬೈಲ್ ಕಂಪನಿ ಮಾಡುವ ಕೆಲಸ. ನಾನು ಹೇಳುತ್ತಿರುವುದು ನಿಮ್ಮ ಫೋನಿನೊಳಗೇ ಇರುವ, ಕರೆ-ಸಂದೇಶಗಳ ಸದ್ದನ್ನು ತಡೆಯುವ ‘ಡು ನಾಟ್ ಡಿಸ್ಟರ್ಬ್’ ಸೌಲಭ್ಯದ ಬಗ್ಗೆ. ಐಫೋನಿನಲ್ಲಿ 2021ರಿಂದ ಇದು ಫೋಕಸ್ ಎಂಬ ದೊಡ್ಡ ವ್ಯವಸ್ಥೆಯ ಒಂದು ಭಾಗ.

ಈಗ ಆ ಷರತ್ತಿಗೆ ಬರೋಣ. ಡಿಎನ್‌ಡಿಯನ್ನು ಮನೆಯ ಗೇಟಿನಲ್ಲಿ ನಿಂತ ಕಾವಲುಗಾರ ಎಂದುಕೊಳ್ಳಿ. ಅವನ ಕೈಯಲ್ಲಿ ನೀವು ಕೊಟ್ಟ ಪಟ್ಟಿಯಿದೆ. ಪಟ್ಟಿಯಲ್ಲಿರುವವರನ್ನು ಒಳಗೆ ಬಿಡುತ್ತಾನೆ, ಅಷ್ಟೇ. ಬಾಗಿಲ ಬಳಿಯ ಕರೆಗಂಟೆಯನ್ನು ನೀವೇ ಕಿತ್ತಿಟ್ಟಿದ್ದರೆ ಅದಕ್ಕೆ ಅವನು ಹೊಣೆಯಲ್ಲ. ಫೋನಿನಲ್ಲಿ ಆ ಕರೆಗಂಟೆ ಎಂದರೆ ರಿಂಗ್ ವಾಲ್ಯೂಮ್. ಸ್ಟಾರ್ ಹಾಕಿದ ಸಂಪರ್ಕದಿಂದ ಕರೆ ಬಂದಾಗ ಡಿಎನ್‌ಡಿ ಅದನ್ನು ತಡೆಯುವುದಿಲ್ಲ. ಆದರೆ ಫೋನ್ ಸೈಲೆಂಟ್‌ನಲ್ಲಿದ್ದರೆ ಆ ಕರೆಯೂ ಸೈಲೆಂಟ್, ವೈಬ್ರೇಟ್‌ನಲ್ಲಿದ್ದರೆ ಬರೀ ನಡುಗುತ್ತದೆ. ಡಿಎನ್‌ಡಿ ಹಾಕುವವರು ‘ಹೇಗೂ ಸದ್ದು ಬೇಡವಲ್ಲ’ ಎಂದು ವಾಲ್ಯೂಮನ್ನೂ ಸೊನ್ನೆಗೆ ಇಳಿಸುವುದೇ ನಾನು ದಿನವೂ ಕಾಣುವ ತಪ್ಪು. ಡಿಎನ್‌ಡಿ ಬಳಸುವವರು ರಿಂಗ್ ವಾಲ್ಯೂಮನ್ನು ಪೂರ್ತಿ ಏರಿಸಿಯೇ ಮಲಗಬೇಕು. ಇದು ವಿಚಿತ್ರವಾಗಿ ಕೇಳಿಸುತ್ತದೆ ಎಂದು ಗೊತ್ತು. ಹೇಳಿದಾಗೆಲ್ಲ ನನ್ನನ್ನೇ ಅನುಮಾನದಿಂದ ನೋಡುತ್ತಾರೆ.

ಪ್ರೌಢಶಾಲೆಯ ಶಿಕ್ಷಕಿಯೊಬ್ಬರ ಪ್ರಕರಣವನ್ನೇ ನೋಡಿ. ಅವರ ತಂದೆ ಹೃದಯದ ಕಾಯಿಲೆಯವರು, ಊರಿನಲ್ಲಿ ತಮ್ಮನ ಜೊತೆ ಇದ್ದಾರೆ. ಇವರದು ಆಂಡ್ರಾಯ್ಡ್ ಫೋನ್. ರಾತ್ರಿ ಹತ್ತರಿಂದ ಬೆಳಗ್ಗೆ ಆರರವರೆಗೆ ಡಿಎನ್‌ಡಿ ತಾನೇ ಚಾಲೂ ಆಗುವಂತೆ ಮಾಡಿಕೊಂಡು, ತಂದೆಗೂ ತಮ್ಮನಿಗೂ ಸ್ಟಾರ್ ಹಾಕಿದ್ದರು. ಒಂದು ನಡುರಾತ್ರಿ ತಂದೆಗೆ ಉಸಿರಾಟ ಕಷ್ಟವಾಯಿತು. ತಮ್ಮ ತನ್ನ ಮೊಬೈಲಿನಿಂದ ಕರೆ ಮಾಡಿದ. ಎತ್ತಲಿಲ್ಲ. ಅಷ್ಟರಲ್ಲಿ ಅವನ ಫೋನಿನ ಚಾರ್ಜ್ ಮುಗಿಯಿತು. ಕೆಲವೇ ನಿಮಿಷಗಳಲ್ಲಿ ಆಸ್ಪತ್ರೆಯ ಸ್ಥಿರ ದೂರವಾಣಿಯಿಂದ ಮತ್ತೆ ಮಾಡಿದ. ಆಗಲೂ ಇಲ್ಲ. ಇವರಿಗೆ ವಿಷಯ ಗೊತ್ತಾದದ್ದು ಬೆಳಗ್ಗೆ. ತಂದೆ ಚೇತರಿಸಿಕೊಂಡಿದ್ದಾರೆ, ಆದರೆ ಫೋನನ್ನು ನನ್ನ ಮುಂದಿಟ್ಟಾಗ ಆಕೆಯ ಕಣ್ಣು ಕೆಂಪಾಗಿತ್ತು.

ಮೇಲ್ನೋಟಕ್ಕೆ ಎರಡು ಕರೆಗಳ ಗತಿಯೂ ಒಂದೇ. ಆದರೆ ಎರಡೂ ಬೇರೆ ಬೇರೆ ಕಾರಣಕ್ಕೆ ಮುಗ್ಗರಿಸಿದ್ದವು. ಪತ್ತೆ ಮಾಡುವುದು ಸುಲಭ: ಮೊದಲು ಡಿಎನ್‌ಡಿಯನ್ನು ಪೂರ್ತಿ ತೆಗೆದು ಕರೆ ಮಾಡಬೇಕು. ಆಗಲೂ ಸದ್ದಿಲ್ಲದಿದ್ದರೆ ತೊಂದರೆ ಇರುವುದು ಪಟ್ಟಿಯಲ್ಲಲ್ಲ. ನಾನು ಮಾಡಿದಾಗ ಫೋನ್ ಬರೀ ನಡುಗಿತು. ತರಗತಿಗೆ ಹೋಗುವಾಗ ಪಕ್ಕದ ಗುಂಡಿಯಲ್ಲಿ ವಾಲ್ಯೂಮ್ ಇಳಿಸುವುದು ಅವರ ರೂಢಿ, ಸಂಜೆ ಏರಿಸುವುದು ಮರೆತಿತ್ತು. ತಮ್ಮನ ಕರೆ ಡಿಎನ್‌ಡಿಯನ್ನು ದಾಟಿಯೇ ಬಂದಿತ್ತು. ಹಾಸಿಗೆಯ ಮೇಲಿದ್ದ ಫೋನ್ ನಡುಗಿದ್ದು ಅವರಿಗೆ ಗೊತ್ತಾಗಲಿಲ್ಲ.

ಎರಡನೆಯ ಕರೆಯ ವಿಷಯ ಬೇರೆ. ಫೋನಿಗೆ ನಿಮ್ಮ ತಮ್ಮ ಯಾರೆಂದು ಗೊತ್ತಿಲ್ಲ, ಅದಕ್ಕೆ ಗೊತ್ತಿರುವುದು ಅವನ ಹೆಸರಿನಲ್ಲಿ ನೀವು ಉಳಿಸಿದ ನಂಬರ್ ಮಾತ್ರ. ಆಸ್ಪತ್ರೆಯ ನಂಬರಿಗೆ ಯಾರೂ ಸ್ಟಾರ್ ಹಾಕಿರುವುದಿಲ್ಲ. ವಾಲ್ಯೂಮ್ ಪೂರ್ತಿ ಇದ್ದಿದ್ದರೂ ಆ ಕರೆ ಮೌನವಾಗಿಯೇ ಬಂದು ಹೋಗುತ್ತಿತ್ತು. ಆಪತ್ತಿನಲ್ಲಿ ಜನ ಸಿಕ್ಕ ಫೋನಿನಿಂದ ಕರೆ ಮಾಡುತ್ತಾರೆ, ಇದೇ ಈ ಸೌಲಭ್ಯದ ದೊಡ್ಡ ಮಿತಿ. ಮಗ ದುಬೈನಲ್ಲಿದ್ದರೆ ಅವನ ನಂಬರನ್ನು +971 ಸೇರಿಸಿಯೇ ಉಳಿಸಿ. ಇಲ್ಲದಿದ್ದರೆ ಬರುವ ಕರೆಗೂ ಉಳಿಸಿದ ನಂಬರಿಗೂ ಹೊಂದದೆ, ಅವನೂ ಅಪರಿಚಿತರ ಸಾಲಿಗೆ ಬೀಳಬಹುದು.

ಅಪರಿಚಿತ ನಂಬರುಗಳಿಗೆಂದೇ ಒಂದು ಕಿರುದಾರಿ ಇಟ್ಟಿದ್ದಾರೆ. ಒಂದೇ ನಂಬರಿನಿಂದ ಸ್ವಲ್ಪ ಹೊತ್ತಿನಲ್ಲೇ ಎರಡನೆಯ ಬಾರಿ ಕರೆ ಬಂದರೆ ಅದನ್ನು ಒಳಗೆ ಬಿಡುವ ವ್ಯವಸ್ಥೆ ಅದು. ಆಂಡ್ರಾಯ್ಡ್‌ನಲ್ಲಿ ಸಾಮಾನ್ಯವಾಗಿ 15 ನಿಮಿಷದ ಅವಧಿ, ಹೆಸರು Repeat callers. ಐಫೋನಿನಲ್ಲಿ ಕೇವಲ 3 ನಿಮಿಷ, ಹೆಸರು Allow Repeated Calls. ಮೆನು ಕಂಪನಿಯಿಂದ ಕಂಪನಿಗೆ ಬದಲಾಗುವುದರಿಂದ, ಸೆಟ್ಟಿಂಗ್ಸ್‌ನ ಮೇಲಿರುವ ಹುಡುಕುವ ಜಾಗದಲ್ಲಿ ‘Do Not Disturb’ ಎಂದು ಹಾಕಿ ಹೋಗುವುದು ಉತ್ತಮ. ಶಿಕ್ಷಕಿಯ ಫೋನಿನಲ್ಲಿ ಇದು ಚಾಲೂ ಇತ್ತು. ಆದರೆ ಎರಡು ಕರೆಗಳು ಎರಡು ನಂಬರಿನಿಂದ ಬಂದದ್ದರಿಂದ ಫೋನಿನ ಲೆಕ್ಕದಲ್ಲಿ ಎರಡೂ ಮೊದಲನೆಯ ಕರೆಗಳೇ. ಹಾಗಾಗಿ ಮನೆಯವರಿಗೆ ಹೇಳಿಡಬೇಕಾದ ಮಾತು ಇದು: ರಾತ್ರಿ ಬೇರೆಯವರ ಫೋನಿನಿಂದ ಮಾಡುವುದಾದರೆ ಒಂದು ಸಲ ಮಾಡಿ ಬಿಡಬೇಡಿ, ಅದೇ ಫೋನಿನಿಂದ ಕೂಡಲೇ ಇನ್ನೊಮ್ಮೆ ಮಾಡಿ.

ಐಫೋನಿನವರಿಗೆ ಇನ್ನೊಂದು ಅನುಕೂಲವಿದೆ. ಸಂಪರ್ಕವನ್ನು ತೆರೆದು, ತಿದ್ದುವ ಪುಟದಲ್ಲಿ Ringtone ಒಳಗೆ ಹೋದರೆ Emergency Bypass ಎಂಬ ಗುಂಡಿ ಸಿಗುತ್ತದೆ. ಅದನ್ನು ಒತ್ತಿದರೆ ಆ ವ್ಯಕ್ತಿಯ ಕರೆ ಫೋಕಸ್‌ ಅನ್ನೂ ಸೈಲೆಂಟ್ ಅನ್ನೂ ದಾಟಿ ಬಾರಿಸುತ್ತದೆ. ಸಂದೇಶಗಳ ಸದ್ದಿಗೆ Text Tone ಒಳಗೆ ಬೇರೆಯದೇ ಗುಂಡಿಯಿದೆ, ಒಂದನ್ನು ಒತ್ತಿದರೆ ಇನ್ನೊಂದು ತಾನಾಗಿ ಆಗುವುದಿಲ್ಲ. ಇದನ್ನು ಒಬ್ಬಿಬ್ಬರಿಗೆ ಮಾತ್ರ ಕೊಡಿ. ನೆಂಟರಿಷ್ಟರಿಗೆಲ್ಲ ಕೊಟ್ಟು, ‘ಮದುವೆ ಮಂಟಪದಲ್ಲಿ ಮುಹೂರ್ತದ ಹೊತ್ತಿಗೇ ಬಾರಿಸಿತು’ ಎಂದು ನನ್ನ ಬಳಿ ಬಂದು ಜಗಳವಾಡಿದವರೂ ಇದ್ದಾರೆ.

ವಾಟ್ಸ್ಆ್ಯಪ್ ಕರೆಗಳ ವಿಷಯದಲ್ಲಿ ನಾನು ಯಾರಿಗೂ ಮಾತು ಕೊಡುವುದಿಲ್ಲ. ಅವು ಆ್ಯಪ್ ಮೂಲಕ ಬರುವ ಕರೆಗಳು. ಸ್ಟಾರ್ ಹಾಕಿದವರ ಕರೆಯೇ ಆದರೂ ಅದನ್ನು ಒಳಗೆ ಬಿಡುವುದು ಫೋನ್, ಆವೃತ್ತಿ, ಸೆಟ್ಟಿಂಗ್‌ಗಳಿಗೆ ತಕ್ಕಂತೆ ಬದಲಾಗಬಹುದು. ಆದ್ದರಿಂದ ಪರೀಕ್ಷಿಸಿಯೇ ನಂಬಬೇಕು. ಹಗಲಿನಲ್ಲೇ ಡಿಎನ್‌ಡಿ ಹಾಕಿ, ಪರದೆಯನ್ನು ಲಾಕ್ ಮಾಡಿ, ಫೋನನ್ನು ಪಕ್ಕದ ಕೋಣೆಯಲ್ಲಿಡಿ. ಸ್ಟಾರ್ ಇರುವವರಿಂದ ಒಂದು ಸಾಮಾನ್ಯ ಕರೆ, ಒಂದು ವಾಟ್ಸ್ಆ್ಯಪ್ ಕರೆ ಮಾಡಿಸಿ. ಆಮೇಲೆ ಪಕ್ಕದ ಮನೆಯವರ ಫೋನಿನಿಂದ ಬೆನ್ನುಬೆನ್ನಿಗೆ ಎರಡು ಕರೆ. ಫೋನಿನ ಸಾಫ್ಟ್‌ವೇರ್ ಹೊಸದಾದಾಗಲೂ ಇದನ್ನು ಮತ್ತೆ ಮಾಡುವುದು ಒಳ್ಳೆಯದು.

ಇಷ್ಟೆಲ್ಲ ತಲೆನೋವು ಬೇಡ ಎನ್ನುವ ಹಿರಿಯರಿಗೆ, ಅದರಲ್ಲೂ ಮನೆಯಲ್ಲಿ ಕಾಯಿಲೆಯವರಿದ್ದರೆ, ನಾನು ಗುಂಡಿಗಳಿರುವ ಹಳೆಯ ಮಾದರಿಯ ಫೋನೊಂದನ್ನು ತಲೆದೆಸೆಯಲ್ಲಿ ಇಟ್ಟುಕೊಳ್ಳಲು ಹೇಳುತ್ತೇನೆ. ಅದರ ನಂಬರ್ ಮನೆಯವರಿಗೆ ಮಾತ್ರ ಗೊತ್ತಿರಲಿ, ಬ್ಯಾಂಕಿಗೂ ಬೇಡ, ಅಂಗಡಿಯ ಬಿಲ್ಲಿಗೂ ಬೇಡ. ಆಗ ಸ್ಮಾರ್ಟ್‌ಫೋನನ್ನು ನೆಮ್ಮದಿಯಾಗಿ ಮೌನಕ್ಕೆ ಹಾಕಬಹುದು. ಆ ಸಿಮ್‌ಗೆ ರೀಚಾರ್ಜ್ ಮಾತ್ರ ತಪ್ಪದೆ ಮಾಡಿಸುತ್ತಿರಿ, ಪ್ಲ್ಯಾನ್ ಮುಗಿದ ಮೇಲೆ ಒಳಬರುವ ಕರೆಗಳೂ ನಿಂತುಹೋಗುತ್ತವೆ.